ಎಡಕ್ಕೊಂದು ಕೋನ, ಬಲಕ್ಕೊಂದು ಕೋನ: ಗ್ರೇಟಿಂಗ್ ಪ್ರಯೋಗದ ವರದಿಯಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ಮಿಲಿಮೀಟರಿಗೆ 600 ಗೆರೆಗಳಿರುವ ಗ್ರೇಟಿಂಗ್‌ನಿಂದ ಸೋಡಿಯಂ ಬೆಳಕಿನ ತರಂಗಾಂತರ ಅಳೆದೆ. ಮೊದಲ ಆರ್ಡರ್‌ನಲ್ಲಿ ನೇರ ಕಿರಣದಿಂದ ಎಡಕ್ಕೆ 20°35′, ಬಲಕ್ಕೆ 20°52′ ಬಂತು. ಎರಡನೇ ಆರ್ಡರ್ ಇನ್ನೂ ಕೆಟ್ಟದಾಗಿತ್ತು: ಎಡಕ್ಕೆ 44°14′, ಬಲಕ್ಕೆ 45°54′. ಅದನ್ನು ಹೊಡೆದುಹಾಕಿದ್ದೇನೆ. ಮೊದಲ ಆರ್ಡರ್‌ನ ಎರಡು ಕೋನಗಳಲ್ಲಿ ಯಾವುದು ಸರಿ? ಗೊತ್ತಿರುವ ಉತ್ತರಕ್ಕೆ ಹತ್ತಿರವಾದದ್ದನ್ನು ಇಟ್ಟುಕೊಳ್ಳಬಹುದೇ?

ಉತ್ತರ: ಮೊದಲು ಆ ಹೊಡೆದುಹಾಕಿದ ಸಾಲನ್ನು ವಾಪಸ್ ಬರೆಯಿರಿ. ನಿಮ್ಮ ಇಡೀ ಪ್ರಯೋಗದಲ್ಲಿ ಏನು ತಪ್ಪಾಗಿದೆ ಎಂದು ಹೇಳುವ ಸಾಕ್ಷಿ ಅದೊಂದೇ.

ಮೊದಲ ಆರ್ಡರ್‌ನಿಂದ ಶುರು ಮಾಡೋಣ. ಸೂತ್ರ d sin θ = nλ. ಇಲ್ಲಿ d ಎಂದರೆ ಅಕ್ಕಪಕ್ಕದ ಎರಡು ಗೆರೆಗಳ ನಡುವಿನ ದೂರ, ನಿಮ್ಮ ಗ್ರೇಟಿಂಗ್‌ಗೆ 1/600 ಮಿ.ಮೀ. ಎಡದ ಕೋನವನ್ನಷ್ಟೇ ಹಾಕಿದರೆ ತರಂಗಾಂತರ 585.9 ನ್ಯಾನೋಮೀಟರ್ ಬರುತ್ತದೆ, ಬಲದ್ದನ್ನಷ್ಟೇ ಹಾಕಿದರೆ 593.7. ಸೋಡಿಯಂನ ಹಳದಿ ಜೋಡಿ ಗೆರೆಗಳ ಸರಾಸರಿ 589.3. ಎಡದ್ದು ಒಂದು ಕಡೆಗೆ ತಪ್ಪಿದರೆ ಬಲದ್ದು ಇನ್ನೊಂದು ಕಡೆಗೆ ತಪ್ಪಿದೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸುವುದೇ ಸರಿಯಲ್ಲ, ಅದೂ ಉತ್ತರ ನೋಡಿಕೊಂಡು ಆರಿಸಿದರೆ ಅದು ಅಳತೆಯೇ ಅಲ್ಲ.

ಎಡದ ರೀಡಿಂಗ್‌ಗೂ ಬಲದ ರೀಡಿಂಗ್‌ಗೂ ಇರುವ ಪೂರ್ತಿ ವ್ಯತ್ಯಾಸವನ್ನು 2θ ಎಂದು ಬರೆದು, ಎರಡರಿಂದ ಭಾಗಿಸಿ. ನಿಮ್ಮ ಲೆಕ್ಕದಲ್ಲಿ 2θ = 41°27′, θ = 20°43.5′. ಇದರಿಂದ λ = 589.8 ನ್ಯಾನೋಮೀಟರ್. ಕೋಷ್ಟಕದಲ್ಲಿ 2θಗೆ ಒಂದು ಅಂಕಣ ಇರುವುದು ಇದಕ್ಕೇ. ನೇರ ಕಿರಣದ ರೀಡಿಂಗ್ ಈ ಲೆಕ್ಕಕ್ಕೆ ಬೇಕಾಗುವುದೇ ಇಲ್ಲ, ಆದರೂ ಅದನ್ನು ಬರೆದಿಡಿ. ಯಾಕೆಂದು ಈಗ ಹೇಳುತ್ತೇನೆ.

ಎಡಬಲಕ್ಕೆ 17 ನಿಮಿಷದ ವ್ಯತ್ಯಾಸ ಬರಲು ಮುಖ್ಯವಾಗಿ ಎರಡು ಕಾರಣಗಳಿರಬಹುದು. ಒಂದು, ನೇರ ಕಿರಣದ ಮೇಲೆ ಕ್ರಾಸ್‌ವೈರ್ ಸರಿಯಾಗಿ ಕೂತಿರಲಿಲ್ಲ, ಸುಮಾರು 8 ನಿಮಿಷ ಪಕ್ಕಕ್ಕಿತ್ತು. ಆಗ ಒಂದು ಕಡೆಯ ಕೋನಕ್ಕೆ 8 ನಿಮಿಷ ಸೇರುತ್ತದೆ, ಇನ್ನೊಂದು ಕಡೆ ಅಷ್ಟೇ ಕಳೆಯುತ್ತದೆ. ಎರಡು, ಗ್ರೇಟಿಂಗ್ ಬೆಳಕಿಗೆ ನೇರವಾಗಿ ನಿಂತಿರಲಿಲ್ಲ, ಸ್ವಲ್ಪ ಓರೆಯಾಗಿತ್ತು. ಓರೆಯಾದರೆ ಬೆಳಕು ಗ್ರೇಟಿಂಗ್ ಮುಟ್ಟುವ ಮೊದಲೇ ಅಕ್ಕಪಕ್ಕದ ಗೆರೆಗಳ ನಡುವೆ ಒಂದಿಷ್ಟು ದಾರಿಯ ವ್ಯತ್ಯಾಸ ಹುಟ್ಟಿರುತ್ತದೆ. ಅದು ಒಂದು ಬದಿಯಲ್ಲಿ ಕೂಡಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಕಳೆಯುತ್ತದೆ.

ಮೊದಲ ಆರ್ಡರ್ ಮಾತ್ರ ನೋಡಿದರೆ ಇವೆರಡರಲ್ಲಿ ಯಾವುದೆಂದು ಹೇಳಲಾಗದು. ಎರಡನೇ ಆರ್ಡರ್ ಹೇಳುತ್ತದೆ. ತಪ್ಪು ನೇರ ಕಿರಣದ ರೀಡಿಂಗ್‌ನಲ್ಲಿ ಇದ್ದಿದ್ದರೆ ಅಲ್ಲೂ ಎಡಬಲದ ವ್ಯತ್ಯಾಸ ಅದೇ 17 ನಿಮಿಷ ಇರಬೇಕಿತ್ತು. ನಿಮ್ಮದು 1°40′ ಆಗಿದೆ, ಅಂದರೆ ಆರು ಪಟ್ಟು. ಹೀಗೆ ಆರ್ಡರ್ ಏರಿದಂತೆ ಹಿಗ್ಗುವ ವ್ಯತ್ಯಾಸ ಓರೆಯ ಗುರುತು. ಓರೆ ಕೋನ i ಚಿಕ್ಕದಾಗಿದ್ದಾಗ ವ್ಯತ್ಯಾಸ ಸುಮಾರು 2i(1/cos θ − 1) ಇರುತ್ತದೆ. 45 ಡಿಗ್ರಿಯಲ್ಲಿ 1°40′ ಬರಬೇಕಾದರೆ i ಸುಮಾರು 2 ಡಿಗ್ರಿ. ಅದೇ 2 ಡಿಗ್ರಿಯನ್ನು ಮೊದಲ ಆರ್ಡರ್‌ಗೆ ಹಾಕಿ ನೋಡಿ, 17 ನಿಮಿಷ ಬರುತ್ತದೆ. ನೀವು ಕೆಟ್ಟದ್ದೆಂದು ಹೊಡೆದುಹಾಕಿದ ಸಾಲು ಮೊದಲ ಸಾಲಿನ ಜೊತೆ ಇಷ್ಟು ಚೆನ್ನಾಗಿ ಹೊಂದುತ್ತದೆ! ನಿಮ್ಮ ಕಣ್ಣು, ನಿಮ್ಮ ವರ್ನಿಯರ್ ಓದಿದ್ದು ಎರಡೂ ಸರಿಯಾಗಿವೆ. ತಪ್ಪಿದ್ದು ಟೇಬಲ್ ತಿರುಗಿಸುವಾಗ.

ಸಾಮಾನ್ಯವಾಗಿ ಅದು ಇಲ್ಲಿ ತಪ್ಪುತ್ತದೆ. ಟೆಲಿಸ್ಕೋಪನ್ನು ನೇರ ಕಿರಣದಿಂದ 90 ಡಿಗ್ರಿ ತಿರುಗಿಸಿ, ಗ್ರೇಟಿಂಗ್‌ನಿಂದ ಪ್ರತಿಫಲಿಸಿದ ಸ್ಲಿಟ್ ಕ್ರಾಸ್‌ವೈರ್ ಮೇಲೆ ಬರುವ ತನಕ ಟೇಬಲ್ ತಿರುಗಿಸುತ್ತೇವೆ. ಆಮೇಲೆ ಟೇಬಲನ್ನು ಇನ್ನೂ ಸರಿಯಾಗಿ 45 ಡಿಗ್ರಿ ತಿರುಗಿಸಿ ಬಿಗಿ ಮಾಡಬೇಕು. ಈ ಕೊನೆಯ ತಿರುವನ್ನು ವರ್ನಿಯರ್ ನೋಡದೆ ಅಂದಾಜಿನಲ್ಲಿ ಮಾಡಿದರೆ, ಅಥವಾ ಸ್ಕ್ರೂ ಬಿಗಿ ಮಾಡುವಾಗ ಟೇಬಲ್ ಜಾರಿದರೆ, ಎರಡು ಡಿಗ್ರಿ ಹೋಗುವುದು ಏನೇನೂ ಕಷ್ಟವಲ್ಲ.

ಸರಾಸರಿ ತೆಗೆದರೆ ಎಲ್ಲವೂ ಸರಿಹೋಗುತ್ತದೆಯೇ? ನೇರ ಕಿರಣದ ತಪ್ಪು ಪೂರ್ತಿ ಹೋಗುತ್ತದೆ. ಓರೆಯ ತಪ್ಪು ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಳಿದದ್ದು ಯಾವಾಗಲೂ ತರಂಗಾಂತರವನ್ನು ಮೇಲಕ್ಕೇ ತಳ್ಳುತ್ತದೆ. ನಿಮ್ಮ ಎರಡನೇ ಆರ್ಡರ್‌ನ ಸರಾಸರಿ 45°04′, ಅದರಿಂದ λ = 589.9. ಎರಡೂ ಆರ್ಡರ್ ಅರ್ಧ ನ್ಯಾನೋಮೀಟರ್‌ನಷ್ಟು ಮೇಲಿರುವುದು ಆಕಸ್ಮಿಕವಲ್ಲ.

ಇದು ಗಣನೆಗೆ ಬರುವಷ್ಟು ದೊಡ್ಡದೇ ಎಂದು ತಿಳಿಯಲು ಅನಿಶ್ಚಿತತೆ ಬೇಕು. ವರ್ನಿಯರ್‌ನ ಲಘುತಮ ಅಳತೆ 1 ನಿಮಿಷ ಎಂದುಕೊಳ್ಳೋಣ. ಎರಡು ರೀಡಿಂಗ್‌ಗಳೂ ಎದುರುಬದುರು ದಿಕ್ಕಿಗೆ ಒಂದೊಂದು ನಿಮಿಷ ತಪ್ಪಿದರೂ θ ತಪ್ಪುವುದು 1 ನಿಮಿಷ. ಅದರಿಂದ ತರಂಗಾಂತರ ಎಷ್ಟು ಅಲುಗಾಡುತ್ತದೆ ಎಂಬುದಕ್ಕೆ Δλ = (d cos θ / n) Δθ, ಇಲ್ಲಿ Δθ ರೇಡಿಯನ್‌ನಲ್ಲಿ ಇರಬೇಕು: 1 ನಿಮಿಷ = 0.00029. ನಿಮಿಷವನ್ನು ಹಾಗೇ ಹಾಕಿ ವಿಚಿತ್ರ ಉತ್ತರ ತೆಗೆದ ವರದಿಗಳು ಬೇಕಾದಷ್ಟಿವೆ. ಮೊದಲ ಆರ್ಡರ್‌ಗೆ 0.5 ನ್ಯಾನೋಮೀಟರ್ ಬರುತ್ತದೆ, ಎರಡನೆಯದಕ್ಕೆ 0.2. ಅಂದರೆ 589.8 ± 0.5ರ ಒಳಗೆ 589.3 ಕೂರುತ್ತದೆ, 589.9 ± 0.2ರ ಒಳಗೆ ಕೂರುವುದಿಲ್ಲ. ಎರಡನೇ ಆರ್ಡರ್ ಹೆಚ್ಚು ಸೂಕ್ಷ್ಮವಾದ್ದರಿಂದಲೇ ಓರೆಯನ್ನು ಬಯಲು ಮಾಡುತ್ತದೆ.

ಉಪಕರಣ ಇನ್ನೂ ಕೈಯಲ್ಲಿದ್ದರೆ ಟೇಬಲನ್ನು ಮತ್ತೆ ಹೊಂದಿಸಿ ರೀಡಿಂಗ್ ತೆಗೆಯಿರಿ. ಎರಡನೇ ಆರ್ಡರ್‌ನ ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿಗಿಂತ ಕೆಳಗೆ ಬಂದರೆ ಸಾಕು. ಉಳಿಕೆ ತಪ್ಪು ಓರೆಯ ವರ್ಗದಂತೆ ಕುಗ್ಗುತ್ತದೆ, ಹಾಗಾಗಿ ಓರೆ ಕಾಲುಪಾಲಾದರೆ ತಪ್ಪು ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಉಪಕರಣ ಸಿಗದಿದ್ದರೆ ಓರೆಗೆ ಸರಿಯಾದ ಸೂತ್ರ d(sin i + sin θ) = nλ ಬಳಸಿ. ನಿಮ್ಮ ಎಡಬದಿಗೆ i = 2°, ಗ್ರೇಟಿಂಗ್‌ನ ಲಂಬರೇಖೆಯಿಂದ θ = 44°14′ − 2° = 42°14′. ಲೆಕ್ಕ ಹಾಕಿದರೆ 589.2 ಬರುತ್ತದೆ. ಬಲಬದಿಗೆ ಲಂಬರೇಖೆಯಿಂದ θ = 47°54′, iಗೆ ಋಣ ಚಿಹ್ನೆ; ಅಲ್ಲೂ 589.2.

ಇಷ್ಟು ಸೂಕ್ಷ್ಮಕ್ಕೆ ಇಳಿದ ಮೇಲೆ 600 ಎಂಬ ಸಂಖ್ಯೆ ಎಲ್ಲಿಂದ ಬಂತೆಂದೂ ವರದಿಯಲ್ಲಿ ಹೇಳಬೇಕು. ಗ್ರೇಟಿಂಗ್ ಮೇಲೆ ಅಚ್ಚಾಗಿದ್ದರೆ ಹಾಗೆಂದು ಬರೆಯಿರಿ, ಅದು ಶೇ. 1ರಷ್ಟು ತಪ್ಪಿದ್ದರೆ ತರಂಗಾಂತರ 6 ನ್ಯಾನೋಮೀಟರ್ ತಪ್ಪುತ್ತದೆ, ಎಷ್ಟು ಸಲ ಓದಿದರೂ ಅದು ಕಾಣುವುದಿಲ್ಲ. ಯಾರಾದರೂ ಸೋಡಿಯಂ ದೀಪದಿಂದಲೇ ಆ ಸಂಖ್ಯೆಯನ್ನು ಕಂಡುಹಿಡಿದು ಕೊಟ್ಟಿದ್ದರೆ, ಅದೇ ಗ್ರೇಟಿಂಗ್‌ನಿಂದ ಸೋಡಿಯಂ ಅಳೆಯುವುದು ಸುತ್ತಿ ಬಂದು ಅಲ್ಲೇ ನಿಂತಂತೆ. ಆಗ ಪಾದರಸದ ದೀಪದ ಗೆರೆಗಳನ್ನು ಅಳೆಯಿರಿ.

ಇನ್ನೊಂದು ವಿಷಯ. ಎರಡನೇ ಆರ್ಡರ್‌ನಲ್ಲಿ ಸ್ಲಿಟ್ ಕಿರಿದಾಗಿದ್ದರೆ ಹಳದಿ ಗೆರೆ 589.0 ಮತ್ತು 589.6ರ ಎರಡು ಗೆರೆಗಳಾಗಿ ಒಡೆದು ಕಾಣುತ್ತದೆ, ನಡುವೆ ಮೂರೂವರೆ ನಿಮಿಷದ ಅಂತರ. ಕ್ರಾಸ್‌ವೈರನ್ನು ಒಳಗಿನ ಗೆರೆಗೆ ತಾಗಿಸಿದಿರೋ, ಹೊರಗಿನದಕ್ಕೋ, ಎರಡರ ನಡುವೆಯೋ ಎಂಬುದನ್ನು ಕೋಷ್ಟಕದ ತಲೆಯಲ್ಲೇ ಬರೆಯಿರಿ. ಎಡಗಡೆ ಒಳಗಿನದನ್ನು ಹಿಡಿದು ಬಲಗಡೆ ಹೊರಗಿನದನ್ನು ಹಿಡಿದರೆ, ಓರೆಯೇ ಇಲ್ಲದ ಗ್ರೇಟಿಂಗ್‌ನಲ್ಲೂ ಮೂರೂವರೆ ನಿಮಿಷದ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ.