ನಾಯಿಮರಿಯ ದಿನಚರಿ ಪಟ್ಟಿ: ಮಳೆಗಾಲದಿಂದ ಹಿಂದಕ್ಕೆ ಎಣಿಸುವುದು

ಮರಿಯ ದಿನಚರಿ ಬರೆಯುವಾಗ ಮೊದಲೆಲ್ಲ ನಾನು ಊಟದಿಂದ ಶುರು ಮಾಡುತ್ತಿದ್ದೆ. ಈಗ ಮಳೆಯಿಂದ ಶುರು ಮಾಡುತ್ತೇನೆ. ಕಾರವಾರದಲ್ಲಿ ಸಾಮಾನ್ಯವಾಗಿ ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ, ಚರಂಡಿ, ಗದ್ದೆ, ಅಂಗಳದ ಗುಂಡಿ ಎಲ್ಲ ತುಂಬುತ್ತವೆ, ಇಲಿಯ ಉಚ್ಚೆಯೂ ಆ ನೀರಿಗೆ ಸೇರುತ್ತದೆ. ನಾಯಿ ಅದನ್ನೇ ನೆಕ್ಕಿದರೆ, ಅಥವಾ ಗಾಯದ ಕಾಲಲ್ಲಿ ಅದರಲ್ಲಿ ಓಡಾಡಿದರೆ ಇಲಿಜ್ವರ ಬರಬಹುದು.

ಅದರ ಲಸಿಕೆ ಮಳೆ ಹಿಡಿಯುವ ಹೊತ್ತಿಗೆ ಕೆಲಸ ಮಾಡುತ್ತಿರಬೇಕು, ಹಾಗಾಗಿ ಒಂದು ಲೆಕ್ಕ ಮಾಡೋಣ. ಮರಿ ಹುಟ್ಟಿದ್ದು ಮಾರ್ಚ್ 1. ಎಂಟು ವಾರ ತುಂಬುವುದು ಏಪ್ರಿಲ್ 26ಕ್ಕೆ, ಅಂದು ಹಲವು ರೋಗಗಳಿಗೆ ಒಟ್ಟಿಗೆ ಕೊಡುವ ಮೊದಲ ಮಿಶ್ರ ಲಸಿಕೆ. ಹನ್ನೆರಡು ವಾರ ಅಂದರೆ ಮೇ 24, ಎರಡನೆಯದು. ಇಲಿಜ್ವರದ ಲಸಿಕೆ ಎರಡು ಸಲ ಬಿದ್ದರೇ ಕೆಲಸ ಮಾಡುವುದು, ಅದೂ ಎರಡನೆಯದಾದ ಮೇಲೆ ಶಕ್ತಿ ಬರಲು ಎರಡು ವಾರ ಬೇಕು. ಹಾಗಾಗಿ ಜೂನ್ 7ರ ಹೊತ್ತಿಗೆ ಮರಿ ತಯಾರು. ಒಂದು ತಿಂಗಳು ತಡ ಮಾಡಿದರೆ? ಮರಿ ಮಳೆ ನೀರಲ್ಲಿ ಆಡುತ್ತಿರುತ್ತದೆ, ರಕ್ಷಣೆ ಅರ್ಧಕ್ಕೇ ನಿಂತಿರುತ್ತದೆ.

ಎಲ್ಲ ಮಿಶ್ರ ಲಸಿಕೆಯಲ್ಲೂ ಇಲಿಜ್ವರದ್ದು ಇರುವುದಿಲ್ಲ. ಕಾರ್ಡಿಗೆ ಅಂಟಿಸಿದ ಚೀಟಿ ನೋಡಿ, ಹೆಸರಿನ ಕೊನೆಗೆ 'ಎಲ್' ಅಕ್ಷರ ಇದೆಯಾ ಅಂತ ಡಾಕ್ಟರನ್ನು ಕೇಳಿ. ಎಲ್ಲ ತಳಿಯ ಇಲಿಜ್ವರವನ್ನೂ ಇದು ತಡೆಯುವುದಿಲ್ಲ, ಆದ್ದರಿಂದ ಲಸಿಕೆ ಆಗಿದ್ದರೂ ನಿಂತ ನೀರು ಬೇಡ. ಜ್ವರ, ವಾಂತಿ, ಊಟ ಬಿಡುವುದು, ವಸಡು ಹಳದಿ, ಇವು ಕಂಡರೆ ಅದೇ ದಿನ ಡಾಕ್ಟರ ಬಳಿ ಓಡಿ. ಉಚ್ಚೆ ಒರೆಸುವಾಗ ಕೈಗವಸು ಹಾಕಿ, ಇದು ಮನುಷ್ಯರಿಗೂ ಹರಡುತ್ತದೆ.

ಮೇ 24ರ ಆಸುಪಾಸಿನಲ್ಲೇ ಹುಚ್ಚುನಾಯಿ ರೋಗದ ಲಸಿಕೆಯೂ ಬೀಳಬೇಕು, ಎರಡನೇ ಡೋಸ್ ಯಾವಾಗ ಅಂತ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಮಿಶ್ರ ಲಸಿಕೆಯ ಕೊನೆಯ ಸಲ ಜೂನ್ 21, ಹದಿನಾರು ವಾರ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಇನ್ನೂ ಉಳಿದಿದ್ದರೆ ಮುಂಚಿನ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದಲೇ ಈ ಕೊನೆಯದನ್ನು ಬಿಡಬಾರದು. ಮುಂದೆ ಇಲಿಜ್ವರದ್ದು ವರ್ಷಕ್ಕೊಮ್ಮೆ, ಅದನ್ನೂ ಮೇ ತಿಂಗಳಲ್ಲೇ ಇಟ್ಟುಕೊಂಡರೆ ಮರೆಯುವುದಿಲ್ಲ ಅಲ್ವಾ.

ಉಳಿದ ದಿನಚರಿ ಇದರ ಸುತ್ತ ಕೂರುತ್ತದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಮೀನು ಕೊಡುವುದಾದರೆ ಬೇಯಿಸಿ, ಮುಳ್ಳು ಪೂರ್ತಿ ತೆಗೆದು ಕೊಡಿ, ಈರುಳ್ಳಿ ಹಾಕಿದ ಸಾರಿನಿಂದ ಬೇಡ. ಲಸಿಕೆ ಮುಗಿಯುವ ತನಕ ಬೀದಿ ನಾಯಿಗಳು ಓಡಾಡುವ ಕಡೆ ಎತ್ತಿಕೊಂಡೇ ಹೋಗಿ, ಅಂಗಳದಲ್ಲಿ ಆಡಲಿ. ಮಳೆಯಲ್ಲಿ ಹೊರಗೆ ಹೋಗಿ ಬಂದರೆ ಬೆರಳುಗಳ ಸಂದಿ ಬಟ್ಟೆಯಲ್ಲಿ ಒಣಗಿಸಿ. ಆಗಲೇ ಕಿವಿ ಒಳಗೆ, ಕುತ್ತಿಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ನೋಡಿ. ಶಿರಸಿ ಕಡೆ ತೋಟ, ಕಾಡಿನ ಅಂಚಲ್ಲಿರುವವರು ಇದನ್ನು ದಿನಾ ಮಾಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬರಿ ಬೆರಳಲ್ಲಿ ಹಿಚುಕಬೇಡಿ. ಬೆನ್ನಿಗೆ ಉಣ್ಣಿ ಔಷಧಿ ಹನಿಸುವ ದಿನದ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ, ಅದನ್ನು ಸ್ನಾನದ ತಾರೀಕಿನ ಪಕ್ಕದಲ್ಲೇ ಬರೆದಿಡಿ.