ಮೇಂಟೆನೆನ್ಸ್ ನೋಟಿಸ್ ಬಂದಾಗ ಯಾವ ಸಾಲನ್ನು ಮೊದಲು ಓದಬೇಕು?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟುತ್ತದೆ. ಮೇಂಟೆನೆನ್ಸ್ ಜಾಸ್ತಿ, ಸಿಂಕಿಂಗ್ ಫಂಡ್ ಜಾಸ್ತಿ, ಮುಂದಿನ ತಿಂಗಳಿಂದಲೇ ಜಾರಿ. ಸಂಜೆಯೊಳಗೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರು. ಕೆಲವು ಸಂಘಗಳ ಲೆಕ್ಕ ನೋಡುವವನಾದ್ದರಿಂದ ಈ ಜಗಳ ನನಗೆ ಹೊಸದಲ್ಲ. ಎಲ್ಲರೂ ಬೈಯುವುದು ಮೇಂಟೆನೆನ್ಸ್ ಸಾಲನ್ನು. ಗಮನಿಸಿ ಓದಬೇಕಾದದ್ದು ಅದರ ಕೆಳಗಿನ ಸಿಂಕಿಂಗ್ ಫಂಡ್ ಸಾಲನ್ನು.

ಈ ವರ್ಷ ನಾನು ಲೆಕ್ಕ ಹಾಕಿಕೊಟ್ಟ ಒಂದು ಅಪಾರ್ಟ್‌ಮೆಂಟನ್ನೇ ತೆಗೆದುಕೊಳ್ಳೋಣ. ಹೆಸರು ಬೇಡ. ಒಟ್ಟು 60 ಮನೆ. 1,100 ಚದರಡಿಯ ಎರಡು ಬೆಡ್‌ರೂಮಿನ ಮನೆಗಳು 36, 1,500 ಚದರಡಿಯ ಮೂರು ಬೆಡ್‌ರೂಮಿನವು 24. ಎಲ್ಲ ಸೇರಿ 75,600 ಚದರಡಿ. ಇದುವರೆಗೆ ಚದರಡಿಗೆ ಮೇಂಟೆನೆನ್ಸ್ 3.25 ರೂಪಾಯಿ, ಸಿಂಕಿಂಗ್ ಫಂಡ್ 25 ಪೈಸೆ ಇತ್ತು. ಹೊಸ ನೋಟಿಸ್ ಪ್ರಕಾರ 4 ರೂಪಾಯಿ ಮತ್ತು 90 ಪೈಸೆ. ಎರಡು ಬೆಡ್‌ರೂಮಿನ ಮನೆಗೆ 3,850 ಇದ್ದದ್ದು 5,390 ಆಯಿತು. ದೊಡ್ಡ ಮನೆಗೆ 5,250 ಇದ್ದದ್ದು 7,350.

ಮೇಂಟೆನೆನ್ಸ್ ಏರಿದ್ದಕ್ಕೆ ಕಾರಣ ಹುಡುಕಲು ಕಷ್ಟವಿಲ್ಲ. ತಿಂಗಳಿಗೆ ಸುಮಾರು 3 ಲಕ್ಷ ಖರ್ಚು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ಏಜೆನ್ಸಿಗಳ ಬಿಲ್. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ. ಒಬ್ಬ ಗಾರ್ಡಿನ ಸಂಬಳ 1,000 ರೂಪಾಯಿ ಏರಿತು ಅನ್ನಿ. ಏಜೆನ್ಸಿ ಪೂರ್ತಿ ಸಂಬಳಕ್ಕೆ ಪಿಎಫ್ ಕಟ್ಟುವುದಾದರೆ ಅದರ ಪಾಲು 13%, ಇಎಸ್‌ಐ 3.25%. ಅದರ ಮೇಲೆ ಏಜೆನ್ಸಿಯ ಸರ್ವಿಸ್ ಚಾರ್ಜ್, ಇಲ್ಲಿ 8%. ಎಲ್ಲದರ ಮೇಲೆ 18% ಜಿಎಸ್‌ಟಿ. ಗಾರ್ಡಿಗೆ 1,000 ಜಾಸ್ತಿಯಾದರೆ ಸಂಘದ ಬಿಲ್ಲಿಗೆ ಸುಮಾರು 1,480 ಜಾಸ್ತಿ. ಸಂಘ ತಾನೇ ಜಿಎಸ್‌ಟಿ ವಸೂಲಿ ಮಾಡದಿದ್ದರೆ ಕೊಟ್ಟ ತೆರಿಗೆ ವಾಪಸ್ ಬರುವ ದಾರಿಯೂ ಇಲ್ಲ.

ಆದರೆ ಈ ಖರ್ಚು ಈ ಏಪ್ರಿಲ್‌ನಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಹೋದ ವರ್ಷವೂ ತಿಂಗಳಿಗೆ 3 ಲಕ್ಷದ ಹತ್ತಿರವೇ ಇತ್ತು. ಹಳೇ ದರದಲ್ಲಿ ಬರುತ್ತಿದ್ದದ್ದು 2.45 ಲಕ್ಷ. ಹಾಗಾದರೆ ಮಿಕ್ಕಿದ್ದು ಎಲ್ಲಿಂದ ಬಂತು?

ಉತ್ತರ ಬ್ಯಾಲೆನ್ಸ್ ಶೀಟಿನಲ್ಲಿದೆ. ಹೊಣೆಗಳ ಕಡೆ 'ಸಿಂಕಿಂಗ್ ಫಂಡ್' ಎಂದು 14 ಲಕ್ಷ ಬರೆದಿತ್ತು. ಆಸ್ತಿಗಳ ಕಡೆ ಅದರ ಹೆಸರಿನ ಎಫ್‌ಡಿ ಎಷ್ಟಿದೆ ಎಂದು ನೋಡಿದರೆ 9 ಲಕ್ಷ. ಬಾಕಿ 5 ಲಕ್ಷ ಸಂಬಳ, ಡೀಸೆಲ್, ಟ್ಯಾಂಕರ್ ನೀರಿಗೆ ಕರಗಿಹೋಗಿದೆ. ಯಾರೂ ಕದ್ದಿಲ್ಲ. ಮೇಂಟೆನೆನ್ಸ್ ಏರಿಸಿ ಬೈಸಿಕೊಳ್ಳುವುದು ಯಾಕೆ ಅಂತ ಕಮಿಟಿ ಸುಮ್ನೆ ಆ ಕಡೆಯಿಂದ ಈ ಕಡೆಗೆ ದುಡ್ಡು ತಿರುಗಿಸಿತ್ತು, ಅಷ್ಟೇ. ಮೂರು ವರ್ಷದಿಂದ ರೇಟ್ ಏರಿಸಿಲ್ಲ ಎಂದು ಹೆಮ್ಮೆಪಡುವ ಕಮಿಟಿ ಕಂಡರೆ ನಾನು ಮೊದಲು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ. ನೀವೂ ನೋಡಬಹುದು, ಇದಕ್ಕೆ ಲೆಕ್ಕಪರಿಶೋಧಕರೇ ಆಗಬೇಕಿಲ್ಲ.

ಇನ್ನು 90 ಪೈಸೆ ಎಲ್ಲಿಂದ ಬಂತು? ಸಿಂಕಿಂಗ್ ಫಂಡ್ ಅಂದರೆ ಮುಂದೆ ಖಂಡಿತ ಬರುವ ದೊಡ್ಡ ಖರ್ಚಿಗೆ ಈಗಿನಿಂದಲೇ ಕೂಡಿಡುವ ದುಡ್ಡು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ವರ್ಷಕ್ಕೆ ಕಟ್ಟಡದ ನಿರ್ಮಾಣ ವೆಚ್ಚದ ಕನಿಷ್ಠ 0.25% ಎಂಬ ಅಳತೆಯಿದೆ. ಅದನ್ನೇ ಇಲ್ಲಿಗೂ ಎತ್ತಿ ಹಾಕುವವರಿದ್ದಾರೆ. ನನಗೆ ಆ ದಾರಿ ಒಪ್ಪಿಗೆಯಿಲ್ಲ. ನಿಮ್ಮ ಲಿಫ್ಟಿಗೆ ಎಷ್ಟು ವಯಸ್ಸಾಗಿದೆ ಎಂಬುದು ಆ ಶೇಕಡಾಕ್ಕೆ ಗೊತ್ತಿರುವುದಿಲ್ಲ. ಅದಕ್ಕಿಂತ ಒಂದೊಂದೇ ವಸ್ತು ಹಿಡಿದು ಲೆಕ್ಕ ಹಾಕುವುದು ವಾಸಿ.

ಈ ಕಟ್ಟಡದಲ್ಲಿ ನಾಲ್ಕು ದೊಡ್ಡ ಬಾಬ್ತು ಸಿಕ್ಕವು. ಹೊರಗೋಡೆಯ ಪೇಂಟಿಂಗ್‌ಗೆ ಈಗಿನ ಕೊಟೇಶನ್ 18 ಲಕ್ಷ, ಇನ್ನು ಮೂರು ವರ್ಷದಲ್ಲಿ ಮಾಡಿಸಬೇಕು. ತಾರಸಿಯ ವಾಟರ್‌ಪ್ರೂಫಿಂಗ್ 6 ಲಕ್ಷ, ನಾಲ್ಕು ವರ್ಷ ತಡೆಯುತ್ತದೆ. ಎರಡು ಲಿಫ್ಟ್ ಬದಲಿಸಲು 30 ಲಕ್ಷ, ಹನ್ನೆರಡು ವರ್ಷ ಸಮಯವಿದೆ. ಜನರೇಟರ್ 8 ಲಕ್ಷ, ಎಂಟು ವರ್ಷ. ಕೈಯಲ್ಲಿರುವ 9 ಲಕ್ಷವನ್ನು ಮೊದಲು ಬರುವ ಪೇಂಟಿಂಗ್‌ಗೆ ಹಿಡಿದರೆ ಅದಕ್ಕೆ ಇನ್ನು 9 ಲಕ್ಷ ಬೇಕು, ಅಂದರೆ ವರ್ಷಕ್ಕೆ 3 ಲಕ್ಷ. ತಾರಸಿಗೆ ಒಂದೂವರೆ, ಲಿಫ್ಟಿಗೆ ಎರಡೂವರೆ, ಜನರೇಟರಿಗೆ ಒಂದು. ಒಟ್ಟು ವರ್ಷಕ್ಕೆ 8 ಲಕ್ಷ. ತಿಂಗಳಿಗೆ, ಚದರಡಿಗೆ ಭಾಗಿಸಿದರೆ 88 ಪೈಸೆ. ಅದನ್ನು 90 ಮಾಡಿದರು. ಹಳೇ 25 ಪೈಸೆಯಲ್ಲಿ ವರ್ಷಕ್ಕೆ ಎರಡೂಕಾಲು ಲಕ್ಷ ಸೇರುತ್ತಿತ್ತು, ಪೇಂಟಿಂಗಿಗೂ ಸಾಲುತ್ತಿರಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಲಿಫ್ಟಿಗೆ ಈಗಿನ ರೇಟೇ ಇರುತ್ತದಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇರುವುದಿಲ್ಲ. ಎಫ್‌ಡಿ ಬಡ್ಡಿ ಅದಕ್ಕೆ ಸರಿಹೋಗುತ್ತದೆ ಎಂಬ ಅಂದಾಜಿನ ಮೇಲೆ ಈ ಲೆಕ್ಕ ನಿಂತಿದೆ, ಅದು ಪೂರ್ತಿ ನಿಜವಲ್ಲ. ಸದಸ್ಯರು ಕೊಡುವ ದುಡ್ಡು ನಮ್ಮದೇ ದುಡ್ಡು, ಅದಕ್ಕೆ ಆದಾಯ ತೆರಿಗೆಯಿಲ್ಲ ಎಂಬ ವಾದ ಬ್ಯಾಂಕ್ ಬಡ್ಡಿಗೆ ನಡೆಯುವುದಿಲ್ಲ. 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ತೆರಿಗೆ ಕಳೆದು ಉಳಿಯುವ ಬಡ್ಡಿ ಬೆಲೆ ಏರಿಕೆಗಿಂತ ಹಿಂದೆ ಬೀಳುತ್ತದೆ. ಅದಕ್ಕೇ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಕೊಟೇಶನ್ ತರಿಸಿ ಲೆಕ್ಕ ತಿದ್ದಬೇಕು.

ನೆಲಮಹಡಿಯವರೊಬ್ಬರು ಸಭೆಯಲ್ಲಿ ಎದ್ದು ನಿಂತರು. "ಸರ್, ನಾವು ಲಿಫ್ಟ್ ಹತ್ತೋದೇ ಇಲ್ಲ. ನಮಗ್ಯಾಕೆ ಈ ದುಡ್ಡು?" ನ್ಯಾಯವಾಗಿ ಕಾಣುವ ಪ್ರಶ್ನೆ, ಅಲ್ವಾ? ಆದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ 10ನೇ ಕಲಂ ಪ್ರಕಾರ ಸಾಮಾನ್ಯ ಖರ್ಚು ಹಂಚಿಕೆಯಾಗುವುದು ಬಳಕೆಯ ಮೇಲಲ್ಲ, ಸಾಮಾನ್ಯ ಜಾಗದಲ್ಲಿ ಪ್ರತಿಯೊಬ್ಬರಿಗೂ ಇರುವ ಅವಿಭಾಜ್ಯ ಪಾಲಿನ ಮೇಲೆ. ಡೀಡ್ ಆಫ್ ಡಿಕ್ಲರೇಷನ್ನಿನಲ್ಲಿ ಆ ಪಾಲು ಬರೆದಿರುತ್ತದೆ. ಹೆಚ್ಚಿನ ಕಡೆ ಅದು ಮನೆಯ ವಿಸ್ತೀರ್ಣಕ್ಕೆ ತಕ್ಕಂತೆ ಇರುವುದರಿಂದ ಚದರಡಿ ಲೆಕ್ಕ ಹೊಂದುತ್ತದೆ. ಮನೆಗಿಷ್ಟು ಎಂದು ಸಮನಾಗಿ ವಸೂಲಿ ಮಾಡುವ ಸಂಘಗಳೂ ಇವೆ, ಅಲ್ಲಿ ತಕರಾರು ತಪ್ಪಿದ್ದಲ್ಲ.

ಬಾಡಿಗೆಗೆ ಕೊಟ್ಟಿರುವವರಿಗೆ ಒಂದು ಮಾತು. ಈ ಎರಡು ಮೊತ್ತಗಳನ್ನು ಬಿಲ್ಲಿನಲ್ಲಿ ಬೇರೆಬೇರೆ ತೋರಿಸಲು ಹೇಳಿ. ದಿನನಿತ್ಯದ ಖರ್ಚನ್ನು ಬಾಡಿಗೆದಾರ ಕೊಡುವುದು ವಾಡಿಕೆ. ಹನ್ನೆರಡು ವರ್ಷದ ಮೇಲೆ ಬರುವ ಲಿಫ್ಟಿಗೆ ಅವರಿಂದ ದುಡ್ಡು ಕೇಳುವುದು ಸರಿಯಲ್ಲ. ಮನೆ ಮಾರುವಾಗಲೂ ಈ ಫಂಡ್ ಸಾಮಾನ್ಯವಾಗಿ ವಾಪಸ್ ಸಿಗುವುದಿಲ್ಲ, ಮನೆಯ ಜೊತೆಗೇ ಹೋಗುತ್ತದೆ. ಬೇಕಿದ್ದರೆ ಮಾರಾಟದ ಬೆಲೆ ಮಾತಾಡುವಾಗ ಕೊಳ್ಳುವವರ ಮುಂದಿಡಿ.

ದೊಡ್ಡ ಮನೆಯ 7,350ಕ್ಕೆ ಇನ್ನೊಂದು ಲೆಕ್ಕವಿದೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಒಬ್ಬ ಸದಸ್ಯನ ತಿಂಗಳ ಮೊತ್ತ 7,500 ಮೀರಿದರೆ 18% ಜಿಎಸ್‌ಟಿ ಬರುತ್ತದೆ. ಮೀರಿದ ಭಾಗಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ಎಂಬುದು ಇಲಾಖೆಯ 2019ರ ಸುತ್ತೋಲೆ. ಮೀರಿದ ಭಾಗಕ್ಕಷ್ಟೇ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಈ ಸಂಘದ ವಹಿವಾಟು ಹೊಸ ದರದಲ್ಲಿ 44 ಲಕ್ಷ ದಾಟುತ್ತದೆ. ಕಮಿಟಿ ಮೊದಲು ಬರೆದಿದ್ದ ಒಟ್ಟು ದರ 5.10. ಹಾಗೇ ಬಿಟ್ಟಿದ್ದರೆ ದೊಡ್ಡ ಮನೆಗೆ 7,650 ಆಗಿ, ಸುತ್ತೋಲೆಯ ಪ್ರಕಾರ ತಿಂಗಳಿಗೆ 1,377 ರೂಪಾಯಿ ತೆರಿಗೆ ಸೇರುತ್ತಿತ್ತು. 4.90ಕ್ಕೆ ಇಳಿಸಿ ಈ ವರ್ಷ ತಪ್ಪಿಸಿಕೊಂಡರು. ಮುಂದಿನ ಏಪ್ರಿಲ್‌ನಲ್ಲಿ ಗಾರ್ಡಿನ ಸಂಬಳ ಮತ್ತೆ ಏರಿದಾಗ ಆ 24 ಮನೆಗಳು ಗೆರೆ ದಾಟುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಜಿಎಸ್‌ಟಿ ನೋಂದಣಿಯ ವಿಷಯವನ್ನು ಈ ಸಭೆಯ ನಡಾವಳಿಯಲ್ಲೇ ಬರೆಸಿಟ್ಟಿದ್ದೇವೆ.