ಬ್ಯಾಂಕಿಗೆ ಬಂದದ್ದು 63,000, ಆಡಿಟರ್ ಬರೆಸಿದ್ದು 85,444: ಬಾಂಡ್ ಬಡ್ಡಿಯ ಲೆಕ್ಕ

ಓದುಗರ ಪ್ರಶ್ನೆ: ಸರ್, ನಾನು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಹೋಲ್ಡಿಂಗ್ ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿದೆ, ಹಾಗಾಗಿ ದೊಡ್ಡ ಕಂಪನಿಗಳ ಲೆಕ್ಕಪತ್ರ ನಿಯಮಗಳಾದ ಇಂಡ್ ಎಎಸ್ ನಮಗೂ ಅನ್ವಯಿಸುತ್ತದೆ. ಏಪ್ರಿಲ್ 1ರಂದು 10 ಲಕ್ಷ ಮುಖಬೆಲೆಯ ಬಾಂಡ್ ಅನ್ನು 9,49,374 ರೂಪಾಯಿಗೆ ಕೊಂಡೆವು. ಕೂಪನ್, ಅಂದರೆ ಮುಖಬೆಲೆಯ ಮೇಲಿನ ವರ್ಷದ ಬಡ್ಡಿ, ಶೇ 7, ಪ್ರತಿ ಮಾರ್ಚ್ 31ಕ್ಕೆ ಬರುತ್ತದೆ. ಮೂರು ವರ್ಷಕ್ಕೆ ಮುಗಿಯುತ್ತದೆ. ಮೊದಲ ಮಾರ್ಚ್‌ನಲ್ಲಿ ಬ್ಯಾಂಕಿಗೆ 63,000 ಬಂತು. ನಾನು 63,000 ಆದಾಯ ಬರೆದೆ. ಟಿಡಿಎಸ್ ಸೇರಿಸಿ 70,000 ಮಾಡಿ ಅಂದರು ಸೀನಿಯರ್. ಆಡಿಟರ್ ಬಂದು 85,444 ಅಂದರು. ‘ಕೈಗೆ ಬಾರದ ದುಡ್ಡನ್ನ ಆದಾಯ ಅಂತ ಹೇಗ್ರೀ ತೋರಿಸ್ತೀರ?’ ಅಂತ ನಮ್ಮ ಎಂಡಿ ಕೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಆಡಿಟರ್ ಹೇಳಿದ್ದೇ ಸರಿ. ಆದರೆ ನಿಮ್ಮ ಎಂಡಿ ಕೇಳಿದ ಪ್ರಶ್ನೆ ತಪ್ಪೇನಲ್ಲ, ಅಲ್ಲಿಂದಲೇ ಶುರು ಮಾಡೋಣ.

63,000ದ ವಿಚಾರ ಬೇಗ ಮುಗಿಯುತ್ತದೆ. ಬಾಂಡ್ ಕೊಟ್ಟವರು 70,000 ಬಡ್ಡಿಯಲ್ಲಿ ಶೇ 10ರಂತೆ 7,000 ಟಿಡಿಎಸ್ ಹಿಡಿದು ಉಳಿದದ್ದನ್ನು ಕಳಿಸಿದ್ದಾರೆ. ಆ 7,000 ನಿಮ್ಮ ಹೆಸರಿನಲ್ಲೇ ಸರ್ಕಾರಕ್ಕೆ ಹೋಗಿದೆ, ನಿಮ್ಮ ತೆರಿಗೆಗೆ ಅದು ಜಮಾ ಆಗುತ್ತದೆ. ಆದ್ದರಿಂದ ಅದೂ ನಿಮ್ಮ ದುಡ್ಡೇ. ನಿಮ್ಮ ಸೀನಿಯರ್ ಇಷ್ಟರ ಮಟ್ಟಿಗೆ ಸರಿ.

ಈಗ 70,000ದಿಂದ 85,444ಕ್ಕೆ ಹೋಗೋಣ. ಈ ಬಾಂಡ್ ನಿಮಗೆ 50,626 ರೂಪಾಯಿ ಕಡಿಮೆಗೆ ಯಾಕೆ ಸಿಕ್ಕಿತು? ಮಾರಿದವರು ನಿಮ್ಮ ಮೇಲಿನ ಪ್ರೀತಿಗೆ ಬಿಟ್ಟುಕೊಟ್ಟದ್ದಲ್ಲ. ನೀವು ಕೊಂಡ ದಿನ ಇದೇ ತರಹದ, ಇಷ್ಟೇ ಅವಧಿಯ ಬಾಂಡ್‌ಗಳಿಗೆ ಪೇಟೆಯಲ್ಲಿ ಶೇ 9 ಸಿಗುತ್ತಿತ್ತು. ಶೇ 7 ಮಾತ್ರ ಕೊಡುವ ಬಾಂಡ್ ಅನ್ನು ಪೂರ್ತಿ 10 ಲಕ್ಷ ಕೊಟ್ಟು ಯಾರು ಕೊಳ್ಳುತ್ತಾರೆ? ವರ್ಷಕ್ಕೆ 20,000 ಕಡಿಮೆ ಬರುವುದನ್ನು ಸರಿದೂಗಿಸಲು ಬೆಲೆ ಇಳಿಯಿತು. ಮೂರು ವರ್ಷದಲ್ಲಿ ಕಡಿಮೆ ಬೀಳುವ 60,000ದ ಇವತ್ತಿನ ಬೆಲೆ, ಶೇ 9ರ ಲೆಕ್ಕದಲ್ಲಿ, ಸರಿಯಾಗಿ ಅದೇ 50,626.

ಅಂದರೆ ಡಿಸ್ಕೌಂಟ್ ಕೂಡ ಬಡ್ಡಿಯೇ. ಕೂಪನ್ ಭಾಗವನ್ನು ವರ್ಷ ವರ್ಷ ಕೊಡುತ್ತಾರೆ, ಈ ಭಾಗವನ್ನು ಕೊನೆಗೆ ಒಟ್ಟಿಗೆ ಕೊಡುತ್ತಾರೆ, ಅಷ್ಟೇ. ನಿಮ್ಮ ಎಂಡಿಗೆ ಹೀಗೆ ಹೇಳಿ: ಕೊಟ್ಟದ್ದು 9,49,374. ಮೂರು ವರ್ಷದಲ್ಲಿ ಬರುವುದು 2,10,000 ಕೂಪನ್ ಮತ್ತು 10 ಲಕ್ಷ ಅಸಲು. ಒಟ್ಟು ಲಾಭ 2,60,626. ಇದರಲ್ಲಿ ಜಗಳ ಇಲ್ಲ. ಯಾವ ವರ್ಷಕ್ಕೆ ಎಷ್ಟು ಅನ್ನುವುದಷ್ಟೇ ಪ್ರಶ್ನೆ. ಕೈಗೆ ಬಂದಾಗಲೇ ಬರೆಯುತ್ತೇವೆ ಅಂದರೆ ಮೊದಲೆರಡು ವರ್ಷ 70,000, ಮೂರನೇ ವರ್ಷ ಏಕ್‌ದಂ 1,20,626 ಆಗುತ್ತದೆ. ಅದೇ ಬಾಂಡ್, ಅದೇ ಕಂಪನಿ. ಮೂರನೇ ವರ್ಷ ಏನು ವಿಶೇಷ ನಡೆಯಿತು ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ಇಂಡ್ ಎಎಸ್ 109 ಹೇಳುವ ದಾರಿ ಸರಳ. ಬಾಂಡ್ ಅನ್ನು ಕೊನೆಯವರೆಗೂ ಇಟ್ಟುಕೊಂಡು ಬಡ್ಡಿ, ಅಸಲು ವಸೂಲಿ ಮಾಡುವುದೇ ನಿಮ್ಮ ಉದ್ದೇಶವಾಗಿದ್ದು, ಬರುವ ಹಣವೂ ಬರೀ ಅಸಲು-ಬಡ್ಡಿಯೇ ಆಗಿದ್ದರೆ, ಅದನ್ನು ಅಮಾರ್ಟೈಸ್ಡ್ ಕಾಸ್ಟ್‌ನಲ್ಲಿ, ಅಂದರೆ ಕೊಂಡ ಬೆಲೆಗೆ ಕೈಗೆ ಬಾರದ ಬಡ್ಡಿಯನ್ನು ವರ್ಷ ವರ್ಷ ಕೂಡಿಸುತ್ತಾ ಹೋದ ಬೆಲೆಯಲ್ಲಿ, ಇಡಬೇಕು. ಮುಂದೆ ಬರುವ ಎಲ್ಲ ಹಣವನ್ನು ನೀವು ಕೊಟ್ಟ ಬೆಲೆಗೆ ಸರಿಯಾಗಿ ತಂದು ನಿಲ್ಲಿಸುವ ಒಂದೇ ಒಂದು ದರ ಇರುತ್ತದೆ. ಅದೇ ಎಫೆಕ್ಟಿವ್ ಬಡ್ಡಿದರ. ಕೈಯಲ್ಲಿ ಹುಡುಕುತ್ತಾ ಕೂರಬೇಡಿ. ಎಕ್ಸೆಲ್‌ನಲ್ಲಿ ಹೀಗೆ ಹಾಕಿ:

```
=RATE(3,70000,-949374,1000000)
```

ಶೇ 9 ಬರುತ್ತದೆ. ಕೊಟ್ಟ ಹಣಕ್ಕೆ ಮೈನಸ್ ಚಿಹ್ನೆ ಹಾಕಲು ಮರೆತರೆ ಶೀಟ್ ಎರರ್ ತೋರಿಸುತ್ತದೆ.

ಈ ದರವನ್ನು ವರ್ಷದ ಶುರುವಿನಲ್ಲಿ ಪುಸ್ತಕದಲ್ಲಿರುವ ಬೆಲೆಗೆ ಗುಣಿಸಿ. ಮುಖಬೆಲೆಗೆ ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. 9,49,374ಕ್ಕೆ ಶೇ 9 ಅಂದರೆ 85,444. ಅದು ಆದಾಯ. ಅದರಲ್ಲಿ ಕೂಪನ್ 70,000 ಕಳೆದರೆ 15,444 ಉಳಿಯುತ್ತದೆ. ಅದು ಈ ವರ್ಷ ನಿಮಗೆ ಸೇರಬೇಕಾದ, ಆದರೆ ಇನ್ನೂ ಕೈಗೆ ಬಾರದ ಬಡ್ಡಿ. ಅದನ್ನು ಬಾಂಡ್‌ನ ಬೆಲೆಗೇ ಕೂಡಿಸಬೇಕು. ಹಾಗಾಗಿ ನಿಮ್ಮ ಎಂಟ್ರಿಯಲ್ಲಿ ಬ್ಯಾಂಕಿಗೆ 63,000, ಟಿಡಿಎಸ್ ಖಾತೆಗೆ 7,000, ಬಾಂಡ್ ಖಾತೆಗೆ 15,444 ಡೆಬಿಟ್. ಬಡ್ಡಿ ಆದಾಯಕ್ಕೆ 85,444 ಕ್ರೆಡಿಟ್. ನಿಮ್ಮಲ್ಲಿ ಓಡಾಡುತ್ತಿದ್ದ ಸಂಖ್ಯೆಗಳೆಲ್ಲ ಒಂದೇ ಎಂಟ್ರಿಯಲ್ಲಿ ಕೂತವು ನೋಡಿ.

| ವರ್ಷ | ಶುರುವಿನ ಬೆಲೆ | ಆದಾಯ (ಶೇ 9) | ಕೂಪನ್ | ಬಾಂಡ್‌ಗೆ ಕೂಡಿಸಿದ್ದು | ಕೊನೆಯ ಬೆಲೆ |
|---|---|---|---|---|---|
| 1 | 9,49,374 | 85,444 | 70,000 | 15,444 | 9,64,818 |
| 2 | 9,64,818 | 86,834 | 70,000 | 16,834 | 9,81,652 |
| 3 | 9,81,652 | 88,348 | 70,000 | 18,348 | 10,00,000 |

ಮೂರನೇ ವರ್ಷ ಲೆಕ್ಕ ಹಾಕಿದರೆ 88,349 ಬರುತ್ತದೆ. ಪೈಸೆಗಳನ್ನು ರೂಪಾಯಿಗೆ ಸರಿಮಾಡಿದ್ದರಿಂದ ಬಂದ ಆ ಒಂದು ರೂಪಾಯಿಯನ್ನು ಕೊನೆಯ ವರ್ಷದಲ್ಲೇ ಬಿಟ್ಟಿದ್ದೇನೆ. ನಿಮ್ಮ ಟೇಬಲ್ ಕೊನೆಗೆ ಮುಖಬೆಲೆಗೆ ಬಂದು ನಿಲ್ಲಬೇಕು. ಒಂದೆರಡು ರೂಪಾಯಿ ಆಚೀಚೆ ಪರವಾಗಿಲ್ಲ. ಸಾವಿರಗಳಲ್ಲಿ ವ್ಯತ್ಯಾಸ ಬಂದರೆ ದರ ತಪ್ಪಿದೆ, ಇಲ್ಲವೇ ಯಾವುದೋ ವರ್ಷ ಮುಖಬೆಲೆಗೆ ಗುಣಿಸಿದ್ದೀರಿ.

‘50,626ನ್ನು ಮೂರರಿಂದ ಭಾಗಿಸಿ ಸಮವಾಗಿ ಹಂಚಿದರೆ ಆಗಲ್ವಾ?’ ಅಂತ ನಿಮಗೆ ಅನ್ನಿಸಬಹುದು. ಆಗ ಪ್ರತಿ ವರ್ಷ 86,875 ಆದಾಯ ಬರುತ್ತದೆ. ನಿಮ್ಮ ಬಾಂಡ್‌ನಲ್ಲಿ ಮೊದಲ ವರ್ಷದ ವ್ಯತ್ಯಾಸ ಸುಮಾರು 1,400 ರೂಪಾಯಿ, ಏನೂ ದೊಡ್ಡದಲ್ಲ. ಆದರೆ ಮೊದಲ ವರ್ಷ ಹೂಡಿಕೆಯ ಮೇಲೆ ಶೇ 9.15 ಬಂದಂತೆ, ಮೂರನೇ ವರ್ಷ ಶೇ 8.84ಕ್ಕೆ ಇಳಿದಂತೆ ಕಾಣುತ್ತದೆ. ನೀವು ಕೊಂಡದ್ದು ಮಾತ್ರ ಮೂರೂ ವರ್ಷಕ್ಕೆ ಶೇ 9. ಅವಧಿ ಉದ್ದವಾದಷ್ಟೂ, ಡಿಸ್ಕೌಂಟ್ ಜಾಸ್ತಿಯಾದಷ್ಟೂ ಈ ಅಂತರ ಬೆಳೆಯುತ್ತದೆ. ಇಂಡ್ ಎಎಸ್‌ನಲ್ಲಿ ಸಮ ಹಂಚಿಕೆ ವಿಧಾನಕ್ಕೆ ಜಾಗ ಇಲ್ಲ.

ಮುಂದಿನ ವರ್ಷ ನಿಮಗೆ ಇನ್ನೊಂದು ಗೊಂದಲ ಖಂಡಿತ ಬರುತ್ತದೆ. ರಿಸರ್ವ್ ಬ್ಯಾಂಕ್ ರೆಪೊ ದರ ಬದಲಿಸುತ್ತದೆ, ಬಾಂಡ್‌ನ ಪೇಟೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ. ‘ದರ ತಿದ್ದಬೇಕಾ?’ ಅಂತ ಯಾರೋ ಕೇಳುತ್ತಾರೆ. ಬೇಡ. ನಿಮ್ಮದು ಸ್ಥಿರ ಕೂಪನ್ ಬಾಂಡ್. ಕೊಂಡ ದಿನದ ಶೇ 9 ಕೊನೆಯವರೆಗೂ ಶೇ 9.

ಆದರೆ ಮಧ್ಯದಲ್ಲಿ ಮಾರಿದರೆ ಈ ಟೇಬಲ್ ತುಂಬಾ ಮುಖ್ಯವಾಗುತ್ತದೆ. ಎರಡು ವರ್ಷ ಮುಗಿದು, ಕೂಪನ್ ಪಡೆದ ಮೇಲೆ 9,85,000ಕ್ಕೆ ಮಾರಿದಿರಿ ಅಂದುಕೊಳ್ಳಿ. ಕೊಂಡ ಬೆಲೆಗೆ ಹೋಲಿಸಿದರೆ 35,626 ಲಾಭ. ಪುಸ್ತಕದಲ್ಲಿ ಲಾಭ ಅಂತ ಬರೆಯಬೇಕಾದದ್ದು 3,348 ಮಾತ್ರ, ಯಾಕೆಂದರೆ ಬಾಂಡ್‌ನ ಬೆಲೆ ಈಗಾಗಲೇ 9,81,652ಕ್ಕೆ ಏರಿದೆ. ಉಳಿದ 32,278ನ್ನು ನೀವು ಎರಡು ವರ್ಷ ಬಡ್ಡಿ ಅಂತ ತೋರಿಸಿ ಆಗಿದೆ. ಅದನ್ನೇ ಮತ್ತೆ ಲಾಭ ಅಂತ ತೋರಿಸಿದರೆ ಒಂದೇ ಆದಾಯ ಎರಡು ಸಲ ಬಂದ ಹಾಗೆ. ಇದು ಪುಸ್ತಕದ ಲೆಕ್ಕ ಮಾತ್ರ. ತೆರಿಗೆ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಕೊಳ್ಳುವ ದಿನದ ಕಾಂಟ್ರಾಕ್ಟ್ ನೋಟನ್ನೂ ಒಮ್ಮೆ ತೆಗೆದು ನೋಡಿ. ಬ್ರೋಕರೇಜ್ ಕೊಟ್ಟಿದ್ದರೆ ಅದನ್ನು ಖರ್ಚಿಗೆ ಹಾಕಬಾರದು, ಬಾಂಡ್‌ನ ಬೆಲೆಗೆ ಸೇರಿಸಬೇಕು. 2,000 ಬ್ರೋಕರೇಜ್ ಇದ್ದರೆ ಶುರುವಿನ ಬೆಲೆ 9,51,374 ಆಗುತ್ತದೆ, ದರ ಸುಮಾರು ಶೇ 8.92ಕ್ಕೆ ಇಳಿಯುತ್ತದೆ, ಇಡೀ ಟೇಬಲ್ ಬದಲಾಗುತ್ತದೆ. ನೀವು ಕೂಪನ್ ಮರುದಿನವೇ ಕೊಂಡದ್ದರಿಂದ ಇನ್ನೊಂದು ತಲೆನೋವು ತಪ್ಪಿತು. ಜುಲೈ 1ಕ್ಕೆ ಕೊಂಡಿದ್ದರೆ, ಹಿಂದಿನ ಮೂರು ತಿಂಗಳ ಬಡ್ಡಿ ಸುಮಾರು 17,500ನ್ನು ಮಾರಿದವರಿಗೆ ಬೆಲೆಯ ಜೊತೆ ಕೊಡಬೇಕಿತ್ತು. ಅದು ಬಾಂಡ್‌ನ ಬೆಲೆಯಲ್ಲ, ಮಾರ್ಚ್‌ನಲ್ಲಿ 70,000 ಬಂದಾಗ ಅದರಲ್ಲಿ ಅಷ್ಟು ನಿಮ್ಮ ಆದಾಯವೂ ಅಲ್ಲ. ಬೇರೆ ಖಾತೆಯಲ್ಲಿಟ್ಟು ಕೂಪನ್ ಬಂದಾಗ ಮುರಿದುಕೊಳ್ಳಬೇಕು. ದಿನಾಂಕಗಳು ಹೀಗೆ ವಕ್ರವಾಗಿದ್ದರೆ RATE ಬಿಟ್ಟು XIRR ಬಳಸಿ.

ಈ ವಿಧಾನ ಇದ್ದ ಹಾಗೇ ನಡೆಯದ ಒಂದು ಸಂದರ್ಭ ಇದೆ. ಬಡ್ಡಿದರ ಏರಿದ್ದರಿಂದ ಬಾಂಡ್ ಅಗ್ಗವಾಗುವುದು ಒಂದು. ಬಾಂಡ್ ಕೊಟ್ಟ ಕಂಪನಿಯೇ ಕಂತು ತಪ್ಪಿಸಿ, ದುಡ್ಡು ವಾಪಸ್ ಬರುವುದೇ ಅನುಮಾನವಾಗಿ ಅಗ್ಗವಾಗುವುದು ಇನ್ನೊಂದು. ಇದೇ ಬಾಂಡ್ ಆ ಕಾರಣಕ್ಕೆ 6 ಲಕ್ಷಕ್ಕೆ ಸಿಕ್ಕಿತು ಅನ್ನಿ. RATE ಹಾಕಿದರೆ ಶೇ 28 ದಾಟುತ್ತದೆ. ಮೊದಲ ವರ್ಷವೇ ಸುಮಾರು 1.7 ಲಕ್ಷ ಬಡ್ಡಿ ಆದಾಯ! ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಆ ದುಡ್ಡು ಬರುವುದಿಲ್ಲ ಅಂತಲೇ ಪೇಟೆ ಬೆಲೆ ಇಳಿಸಿದ್ದು. ಕೊಳ್ಳುವಾಗಲೇ ಕೆಟ್ಟಿದ್ದ ಇಂಥ ಬಾಂಡ್‌ಗೆ ಒಪ್ಪಂದದಲ್ಲಿ ಬರೆದ ಹಣ ಇಟ್ಟು ದರ ಹುಡುಕಬಾರದು. ನಿಜವಾಗಿ ಬರಬಹುದಾದ ಹಣವನ್ನು ಅಂದಾಜು ಮಾಡಿ, ಅದರಿಂದ ದರ ತೆಗೆಯಬೇಕು. ಬೆಲೆ ವಿಪರೀತ ಕಡಿಮೆ ಇದ್ದರೆ ಎಕ್ಸೆಲ್ ತೆರೆಯುವ ಮೊದಲು ರೇಟಿಂಗ್ ಏಜೆನ್ಸಿಯ ವರದಿ ಓದಿ.

ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳ ಕತೆ ಸ್ವಲ್ಪ ಬೇರೆ. ಅವರ ಹೂಡಿಕೆಗೆ ಎಎಸ್ 13 ಇದೆ, ದೀರ್ಘಾವಧಿ ಹೂಡಿಕೆಯನ್ನು ಕೊಂಡ ಬೆಲೆಯಲ್ಲಿ ಇಡಿ ಅನ್ನುತ್ತದೆ ಅದು. ಆದರೆ ಆದಾಯದ ಬಗ್ಗೆ ಇರುವ ಎಎಸ್ 9, ಸಾಲಪತ್ರಗಳ ಡಿಸ್ಕೌಂಟ್ ಸಾಮಾನ್ಯವಾಗಿ ಅವಧಿ ಮುಗಿಯುವವರೆಗೆ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ ಅಂತ ಪರಿಗಣಿಸುತ್ತದೆ. ಎಫೆಕ್ಟಿವ್ ದರದಲ್ಲೇ ಮಾಡಿ ಅಂತ ಅದು ಕಟ್ಟುಪಾಡು ಹಾಕುವುದಿಲ್ಲ. ಹಾಗಾಗಿ ನಿಮ್ಮ ಪಕ್ಕದ ಶೆಡ್‌ನ ಅಕೌಂಟೆಂಟ್ ಇದೇ ಬಾಂಡ್‌ಗೆ 86,875 ಬರೆದಿದ್ದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ಅವರ ಪುಸ್ತಕಕ್ಕೆ ಅದು ನಡೆಯುತ್ತದೆ, ನಿಮ್ಮದಕ್ಕೆ ನಡೆಯುವುದಿಲ್ಲ.